ಡಿಸ್ಚಾರ್ಜ್ ಚೀಟಿಯಿಂದ ದಿನಾಂಕದ ಔಷಧಿ ಕೋಷ್ಟಕ: ಕಾಕಾ ಅವರ ಮನೆಗಾಗಿ ಮಾಡಿದ ಕೆಲಸದ ದಾಖಲೆ

ನವೆಂಬರ್ 7, ಶುಕ್ರವಾರ

ದಮ್ಮು ಉಲ್ಬಣಿಸಿ ವಿಜಯಪುರದ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದ, ಎಪ್ಪತ್ತು ದಾಟಿದ ನಮ್ಮ ಕಾಕಾ ಇಂದು ಮಧ್ಯಾಹ್ನ ಬಿಡುಗಡೆಯಾದರು. ಅವರ ಮನೆ ಇಂಡಿ ತಾಲೂಕಿನ ಹಳ್ಳಿಯಲ್ಲಿದೆ. ಔಷಧಿ ಕೊಡುವವರು ಸೊಸೆ, ನಾನು ವೈನಿ ಎಂದು ಕರೆಯುವವರು. ಚೀಟಿಯಲ್ಲಿ ಔಷಧಿಗಳೆಲ್ಲ ಒಂದರ ಕೆಳಗೊಂದು ಒತ್ತಾಗಿದ್ದವು, ಆದರೆ ಒಂದೇ ಒಂದು ದಿನಾಂಕವಿರಲಿಲ್ಲ. ಅದರ ಮುಖ್ಯ ಸಾಲುಗಳು ಹೀಗಿದ್ದವು: ಪ್ರೆಡ್ನಿಸೋಲೋನ್ 40 ಎಂಜಿ ಓಡಿ 3 ದಿನ, ಆಮೇಲೆ 30, 20, 10 ತಲಾ 3 ದಿನ, ನಂತರ ನಿಲ್ಲಿಸುವುದು, ಅಮಾಕ್ಸಿಸಿಲಿನ್–ಕ್ಲಾವುಲನೇಟ್ 625 ಬಿಡಿ 5 ದಿನ, ಮೆಟ್‌ಫಾರ್ಮಿನ್ 500 ಬಿಡಿ ಮುಂದುವರಿಸುವುದು, ಗ್ಲಿಮೆಪಿರೈಡ್ 1 ಎಂಜಿ ನಾಷ್ಟಾಕ್ಕೆ ಮೊದಲು, ಹೊಸದಾಗಿ ಸೇರಿಸಿದ್ದು, ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಮ್ಮೆ 8 ವಾರ. ಓಡಿ ಎಂದರೆ ದಿನಕ್ಕೆ ಒಮ್ಮೆ, ಬಿಡಿ ಎಂದರೆ ದಿನಕ್ಕೆ ಎರಡು ಸಲ. ಪ್ರೆಡ್ನಿಸೋಲೋನ್ ಸ್ಟೀರಾಯ್ಡ್, ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಆಂಟಿಬಯಾಟಿಕ್, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ರಕ್ತದ ಸಕ್ಕರೆ ಇಳಿಸುವ ಔಷಧಿಗಳು.

ಚೀಟಿಯನ್ನು ಕೈಗೆ ಕೊಟ್ಟು ವೈನಿ ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಇವೆಲ್ಲ ಯಾವತ್ತಿಂದ ಚಾಲೂ ಮಾಡೂದು, ಯಾವತ್ತ ಬಂದ್ ಮಾಡೂದು?" ಕೋಷ್ಟಕದ ಕೆಲಸವೇ ಅದು. ಮೂರು ದಿನ ಎಂದು ಬರೆದಿರುವುದು ಇವತ್ತನ್ನೂ ಹಿಡಿದೋ ಬಿಟ್ಟೋ ಎಂಬುದನ್ನು ಊಹೆಯಿಂದ ತುಂಬಿದರೆ ಮುಂದಿನ ಎಲ್ಲ ಮೆಟ್ಟಿಲುಗಳೂ ಒಂದು ದಿನ ಸರಿಯುತ್ತವೆ. ಆದ್ದರಿಂದ ವಾರ್ಡ್ ಬಿಡುವ ಮುಂಚೆ ಡ್ಯೂಟಿ ಡಾಕ್ಟರನ್ನು ಕೇಳಿದೆ. ಇವತ್ತಿನ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದೆ, ಗುಳಿಗೆ ನಾಳೆ ಮುಂಜಾನೆಯಿಂದ. ಆಂಟಿಬಯಾಟಿಕ್ ಮಾತ್ರ ಇವತ್ತು ರಾತ್ರಿಯಿಂದ ಎಂದು ಅವರು ಹೇಳಿದರು. ಎರಡು ಔಷಧಿಗಳಿಗೆ ಎರಡು ಬೇರೆ ಆರಂಭಗಳಿರುವುದು ಹೀಗೆ ಸ್ಪಷ್ಟವಾಯಿತು.

ಔಷಧಿ ಅಂಗಡಿಯಲ್ಲಿ ಪ್ರೆಡ್ನಿಸೋಲೋನಿನ 20 ಎಂಜಿ ಗುಳಿಗೆ ಕೊಡಲು ಹೊರಟಿದ್ದರು. ಹಾಗಾಗಿದ್ದರೆ 30 ಎಂಜಿಯ ದಿನಗಳಲ್ಲಿ ಒಂದೂವರೆ ಗುಳಿಗೆ, 10ರ ದಿನಗಳಲ್ಲಿ ಅರ್ಧ ಗುಳಿಗೆ ಮುರಿಯಬೇಕಾಗುತ್ತಿತ್ತು. 10 ಎಂಜಿಯವನ್ನೇ ಕೇಳಿ ಪಡೆದೆವು. ಈಗ ಮೆಟ್ಟಿಲುಗಳು ನಾಲ್ಕು, ಮೂರು, ಎರಡು, ಒಂದು ಗುಳಿಗೆ ಎಂದು ನೇರವಾಗಿ ಎಣಿಕೆಗೆ ಸಿಗುತ್ತವೆ.

ನವೆಂಬರ್ 7, ರಾತ್ರಿ

ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ಮಾಡಿದೆ. ದಿನಕ್ಕೊಂದು ಸಾಲು, ಮುಂಜಾನೆ ನಾಷ್ಟಾಕ್ಕೆ ಮೊದಲು, ನಾಷ್ಟಾ ನಂತರ, ರಾತ್ರಿ ಊಟದ ನಂತರ ಎಂದು ಆ ಮನೆಯ ಊಟದ ಹೊತ್ತಿಗೆ ಹೊಂದುವ ಕಾಲಂಗಳು. ದಿನಾಂಕವನ್ನು 8-11 ಎಂದು ಹಾಗೆಯೇ ಟೈಪ್ ಮಾಡಿದರೆ, ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದಾಗ ಅದು ಆಗಸ್ಟ್ 11 ಆಗಿಬಿಡುತ್ತದೆ. ಅದಕ್ಕಾಗಿ ಮೊದಲ ದಿನಾಂಕವನ್ನು A2ರಲ್ಲಿ ಸೂತ್ರವಾಗಿ ಬರೆದು, A3ರಿಂದ ಕೆಳಗಿನವನ್ನು ಅದರಿಂದಲೇ ಎಳೆದೆ. C ಕಾಲಂನಲ್ಲಿ ಪ್ರೆಡ್ನಿಸೋಲೋನ್ ಗುಳಿಗೆಗಳ ಸಂಖ್ಯೆಯಿದೆ.

```
A2:  =DATE(2025,11,8)
A3:  =A2+1
C14: =SUM(C2:C13)
```

ಕೊನೆಯ ಸೂತ್ರವೇ ನನಗೆ ಅತ್ಯಂತ ಮುಖ್ಯವಾದ ತಪಾಸಣೆ. ಹನ್ನೆರಡು ದಿನಗಳ ಮೊತ್ತ 30 ಬರಬೇಕು, ಅಂಗಡಿಯಿಂದ ತಂದದ್ದು ಹತ್ತರ ಮೂರು ಪಟ್ಟಿ, ಎರಡೂ ಹೊಂದಿದವು. ಮೊತ್ತ ಹೊಂದದಿದ್ದರೆ ಸಾಲು ತಪ್ಪಿದೆ ಅಥವಾ ಔಷಧಿ ತಪ್ಪಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಆಂಟಿಬಯಾಟಿಕ್‌ಗೂ ಇದೇ ಎಣಿಕೆ ಮಾಡಿದೆ: 7ರ ರಾತ್ರಿ ಆರಂಭಿಸಿದ ಹತ್ತು ಗುಳಿಗೆಗಳು 12ರ ಮುಂಜಾನೆ ಮುಗಿಯುತ್ತವೆ. ಐದು ದಿನ ಎಂದು ಬೆರಳಿನಲ್ಲಿ ಎಣಿಸಿ 11ಕ್ಕೇ ನಿಲ್ಲಿಸಿದ್ದರೆ ಒಂದು ಗುಳಿಗೆ ಪಟ್ಟಿಯಲ್ಲಿ ಉಳಿಯುತ್ತಿತ್ತು.

ಮನೆಗೆ ಕಳಿಸಿದ ಹಾಳೆಯಲ್ಲಿ ಪ್ರತಿ ದಿನವೂ ಪ್ರತ್ಯೇಕ ಸಾಲು. ಇಲ್ಲಿ ಸಂಕ್ಷೇಪವಾಗಿ ಕೊಡುತ್ತಿದ್ದೇನೆ.

| ದಿನಾಂಕ | ಗ್ಲಿಮೆಪಿರೈಡ್ 1 ಎಂಜಿ, ನಾಷ್ಟಾಕ್ಕೆ ಮೊದಲು | ಪ್ರೆಡ್ನಿಸೋಲೋನ್ 10 ಎಂಜಿ, ನಾಷ್ಟಾ ನಂತರ |
|---|---|---|
| ನವೆಂಬರ್ 8, 9, 10 | 1 ಗುಳಿಗೆ | 4 ಗುಳಿಗೆ |
| ನವೆಂಬರ್ 11, 12, 13 | 1 ಗುಳಿಗೆ | 3 ಗುಳಿಗೆ |
| ನವೆಂಬರ್ 14, 15, 16 | 1 ಗುಳಿಗೆ | 2 ಗುಳಿಗೆ |
| ನವೆಂಬರ್ 17, 18, 19 | 1 ಗುಳಿಗೆ | 1 ಗುಳಿಗೆ |
| ನವೆಂಬರ್ 20ರಿಂದ | ಡಾಕ್ಟರನ್ನು ಕೇಳಬೇಕು | ಇಲ್ಲ |

ಕೊನೆಯ ಸಾಲು ತುಂಬುವಾಗ ಕೈ ನಿಂತಿತು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮುಂಜಾನೆ ತೆಗೆದುಕೊಂಡ ಪ್ರೆಡ್ನಿಸೋಲೋನಿನ ಪರಿಣಾಮ ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚಾಗಿ ಕಾಣುತ್ತದೆ. ಗ್ಲಿಮೆಪಿರೈಡ್ ಸೇರಿಸಿದ್ದು ಆ ಏರಿಕೆಗಾಗಿಯೇ. ಆದರೆ ಸ್ಟೀರಾಯ್ಡಿಗೆ ಕೊನೆಯ ದಿನವಿದೆ, ಗ್ಲಿಮೆಪಿರೈಡಿಗೆ ಚೀಟಿಯಲ್ಲಿ ಕೊನೆಯೇ ಇಲ್ಲ. ಏರಿಸುವ ಔಷಧಿ ನಿಂತು ಇಳಿಸುವ ಔಷಧಿ ಮಾತ್ರ ಮುಂದುವರಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಮತ್ತು ಒಂಟಿಯಾಗಿ ಮಲಗುವ ವೃದ್ಧರಲ್ಲಿ ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಚೀಟಿಯನ್ನು ಸಾಲುಸಾಲಾಗಿ ಓದುವಾಗ ಈ ಅಂತರ ಕಾಣುವುದಿಲ್ಲ. ಎರಡು ಕಾಲಂಗಳನ್ನು ಒಂದೇ ದಿನಾಂಕದ ಪಕ್ಕದಲ್ಲಿ ಇಟ್ಟಾಗ ಕೋಷ್ಟಕದ ಖಾಲಿ ಮನೆ ಎದ್ದು ಕಾಣುತ್ತದೆ. ಆ ಮನೆಯನ್ನು ತುಂಬುವ ಅಧಿಕಾರ ನನಗಿಲ್ಲ. ಹಾಗಾಗಿ ಕೇಳಬೇಕು ಎಂದೇ ಬರೆದು, ಬಣ್ಣ ಹಾಕಿ ಬಿಟ್ಟೆ.

ನವೆಂಬರ್ 8, ಶನಿವಾರ

ಕಾಕಾ ಅವರನ್ನು ನೋಡಿಕೊಂಡ ಡಾಕ್ಟರಿಗೆ ಫೋನ್ ಮಾಡಿ ಕೋಷ್ಟಕದ ಖಾಲಿ ಮನೆಯ ವಿಷಯ ಹೇಳಿದೆ. 11ಕ್ಕೆ ಮತ್ತು 17ಕ್ಕೆ ಖಾಲಿ ಹೊಟ್ಟೆಯದು, ಊಟವಾಗಿ ಎರಡು ತಾಸಿನದು ಎರಡೂ ಪರೀಕ್ಷೆ ಮಾಡಿಸಿ, 18ಕ್ಕೆ ವರದಿ ಸಮೇತ ಬರಲು ಹೇಳಿದರು. ಮುಂಜಾನೆ ಖಾಲಿ ಹೊಟ್ಟೆಯ ಅಂಕಿಯೊಂದನ್ನೇ ನೋಡಿದರೆ ಸ್ಟೀರಾಯ್ಡಿನ ಏರಿಕೆ ಮರೆಯಾಗುತ್ತದೆ ಎಂಬುದೇ ಇದರ ಕಾರಣ. ನಾಷ್ಟಾ ಮಾಡದ ದಿನ ಗ್ಲಿಮೆಪಿರೈಡ್ ಕೊಡಬಾರದು. ಬೆವರು, ಕೈನಡುಕ, ಮಾತು ತಡವರಿಸುವುದು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ ಫೋನ್ ಮಾಡಬೇಕು ಎಂದರು. ಎರಡನ್ನೂ ಅವರ ಮಾತಿನಲ್ಲೇ ಹಾಳೆಯ ಕೆಳಗೆ ಬರೆದೆ.

ವೈನಿ ಮನೆಯ ಡಬ್ಬಿಯಲ್ಲಿದ್ದ ಹಳೆಯ ಗುಳಿಗೆಗಳ ಫೋಟೊ ಕಳಿಸಿದರು. ಅದರಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿದ್ದ ಮೆಟ್‌ಫಾರ್ಮಿನ್ ಪಟ್ಟಿಯೂ ಇತ್ತು. ಹೊಸ ಪಟ್ಟಿಯ ಹೆಸರು ಬೇರೆಯಾದ್ದರಿಂದ ಎರಡನ್ನೂ ಕೊಡುವ ಸಾಧ್ಯತೆ ನಿಜವಾಗಿಯೂ ಇತ್ತು. ಹಾಳೆಯಲ್ಲಿ ಕಂಪನಿಯ ಹೆಸರಿನ ಕೆಳಗೆ ಔಷಧಿಯ ಮೂಲ ಹೆಸರನ್ನೂ ಹಾಕಿ, ಹಳೆಯ ಪಟ್ಟಿಯನ್ನು ಮುಚ್ಚಿಡಲು ಹೇಳಿದೆ.

ನವೆಂಬರ್ 9, ಭಾನುವಾರ

ವಿಟಮಿನ್ ಡಿ ಇಂದು ಮೊದಲ ಸಲ. ಡಾಕ್ಟರ ಒಪ್ಪಿಗೆಯಿಂದ ಭಾನುವಾರಕ್ಕೆ ಗೊತ್ತು ಮಾಡಿದ್ದು, ಏಕೆಂದರೆ ಅಂದು ಮಗ ಮನೆಯಲ್ಲಿರುತ್ತಾನೆ. ವಾರಕ್ಕೊಮ್ಮೆಯದನ್ನು ದಿನದ ಕಾಲಂಗಳಲ್ಲಿ ಸೇರಿಸಿದರೆ ರೂಢಿಯಿಂದ ದಿನಾಲೂ ಕೊಟ್ಟುಬಿಡುವ ಭಯವಿರುವುದರಿಂದ ಅದಕ್ಕೆ ಬೇರೆಯೇ ಹಾಳೆ: ನವೆಂಬರ್ 9, 16, 23, 30, ಡಿಸೆಂಬರ್ 7, 14, 21, 28.

ನವೆಂಬರ್ 18, ಮಂಗಳವಾರ

11ರಂದು ಊಟದ ನಂತರದ ಸಕ್ಕರೆ 236 ಇತ್ತು, ಖಾಲಿ ಹೊಟ್ಟೆಯದು 128. ನಿನ್ನೆ ಅವು 142 ಮತ್ತು 98ಕ್ಕೆ ಇಳಿದಿದ್ದವು. ವರದಿ ಮತ್ತು ಟಿಕ್ ಹಾಕಿದ ಹಾಳೆ ಎರಡನ್ನೂ ಡಾಕ್ಟರು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಗ್ಲಿಮೆಪಿರೈಡ್ ನಾಳೆಯಿಂದಲೇ ಬೇಡ, ಮೆಟ್‌ಫಾರ್ಮಿನ್ ಹಾಗೆಯೇ ಇರಲಿ, ಸ್ಟೀರಾಯ್ಡ್ ಗೊತ್ತು ಮಾಡಿದಂತೆ 19ಕ್ಕೆ ಮುಗಿಯಲಿ ಎಂದು ಹೇಳಿ ಚೀಟಿಯ ಮೇಲೆ ಬರೆದುಕೊಟ್ಟರು.

ಹಳೆಯ ಹಾಳೆಯ ಮೇಲೆ ತಿದ್ದುವುದು ಬೇಡವೆಂದು ಹೊಸದನ್ನೇ ಮುದ್ರಿಸಿ, ಮೇಲ್ತುದಿಯಲ್ಲಿ "18-11-2025ರ ಹಾಳೆ, ಇದಕ್ಕಿಂತ ಹಳೆಯದನ್ನು ನೋಡಬೇಡಿ" ಎಂದು ದೊಡ್ಡಕ್ಷರದಲ್ಲಿ ಹಾಕಿದೆ. ಗೋಡೆಯ ಮೇಲಿನ ಹಳೆಯ ಹಾಳೆಯನ್ನು ತೆಗೆದು ಚೀಟಿಯ ಫೈಲಿನಲ್ಲಿ ಇಡುವಂತೆ ವೈನಿಗೆ ಹೇಳಿದೆ. ಮುಂದಿನ ಭೇಟಿಯಲ್ಲಿ ಯಾವ ಡೋಸ್ ತಪ್ಪಿತ್ತು ಎಂದು ಡಾಕ್ಟರು ಕೇಳಿದರೆ ಆ ಟಿಕ್‌ಗಳು ಬೇಕಾಗುತ್ತವೆ. ಹೊಸ ಹಾಳೆಯಲ್ಲಿ 20ರಿಂದ ಮೆಟ್‌ಫಾರ್ಮಿನ್ ಮತ್ತು ಇನ್‌ಹೇಲರ್ ಕಾಲಂಗಳಷ್ಟೇ ಉಳಿದಿವೆ.