ರಟ್ಟಿನ ಗಡಿಯಾರ, ಬಿಚ್ಚುವ ಪಟ್ಟಿ: ಮೂರನೇ ತರಗತಿಯ ಕೆಲಸ ಎಲ್ಲಿಗೆ ಬಂತು

ತಯಾರಿ. ಗಡಿಯಾರದ ತ್ರಿಜ್ಯ 14.3 ಸೆಂ.ಮೀ. ಈ ವಿಚಿತ್ರ ಅಳತೆಗೆ ಕಾರಣವಿದೆ: ಸುತ್ತಳತೆ ಸರಿಸುಮಾರು 90 ಸೆಂ.ಮೀ. ಬರುತ್ತದೆ, ಅಂದರೆ ಒಂದು ನಿಮಿಷಕ್ಕೆ ಒಂದೂವರೆ ಸೆಂ.ಮೀ. ಅಂಚಿಗೆ ಸುತ್ತಿದ ಕಾಗದದ ಪಟ್ಟಿಯನ್ನು 12ರ ಹತ್ತಿರ ಬಿಚ್ಚಿದರೆ ಅದೇ ಒಂದು ಗಂಟೆಯ ಅಳತೆಪಟ್ಟಿ.

ಅಂಕಿ ಗುರುತಿಸಲು ಕೋನಮಾಪಕ ಬೇಡ. ಅದೇ ಅಳತೆಯ ಕಾಗದದ ವೃತ್ತವನ್ನು ನಾಲ್ಕಾಗಿ ಮಡಚಿ ರಟ್ಟಿನ ಮೇಲೆ ಅಂಟಿಸಿದರೆ 12, 3, 6, 9 ಸಿಕ್ಕವು. ಕೈವಾರವನ್ನು ಅದೇ ತ್ರಿಜ್ಯದಲ್ಲಿ ಹಿಡಿದು, ಆ ನಾಲ್ಕೂ ಕಡೆಯಿಂದ ಎಡಕ್ಕೊಂದು ಬಲಕ್ಕೊಂದು ಕಂಸ ಎಳೆದರೆ ಉಳಿದ ಎಂಟೂ ಬರುತ್ತವೆ. ಮುಳ್ಳುಗಳಿಗೆ ನಟ್ಟು-ಬೋಲ್ಟು, ನಡುವೆ ವಾಷರ್ ಹಾಕದಿದ್ದರೆ ಒಂದು ಮುಳ್ಳು ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ.

ಓದುವುದು. ರಟ್ಟಿನ ಗಡಿಯಾರದ ದೊಡ್ಡ ಕೊರತೆ, ಎರಡು ಮುಳ್ಳಿಗೂ ಒಳಗೆ ಸಂಬಂಧವಿಲ್ಲ. ಮೂರೂವರೆ ತೋರಿಸು ಎಂದರೆ ಮಕ್ಕಳು ಗಂಟೆ ಮುಳ್ಳನ್ನು ನೇರ 3ರ ಮೇಲೇ ಬಿಡುತ್ತಾರೆ. ಆದ್ದರಿಂದ ಮೊದಲು ಗಂಟೆ ಮುಳ್ಳೊಂದನ್ನೇ ಇಟ್ಟು, "ಮೂರು ದಾಟಿದೆಯಾ, ನಾಲ್ಕು ಮುಟ್ಟಿದೆಯಾ?" ಎಂದು ಕೇಳಬೇಕು. ಹಳೆಯ ಗೋಡೆ ಗಡಿಯಾರದ ಹಿಂದಿನ ತಿರುಪನ್ನು ನಿಧಾನ ತಿರುಗಿಸಿ ತೋರಿಸಿದರೆ ಎರಡೂ ಒಟ್ಟಿಗೆ ಸರಿಯುವುದು ಕಾಣುತ್ತದೆ. ಕೊನೆಗೂ ಉಳಿಯುವ ತಪ್ಪು 10:45. ಮುಳ್ಳು 11ರ ಪಕ್ಕದಲ್ಲಿರುವುದರಿಂದ ಹನ್ನೊಂದೂ ಮುಕ್ಕಾಲು ಅನ್ನುತ್ತಾರೆ.

ಕಳೆದ ಸಮಯ. ಪ್ರಾರ್ಥನೆ 9:45ಕ್ಕೆ, ಸಣ್ಣ ಬಿಡುವು 11:20ಕ್ಕೆ. ನಡುವೆ ಎಷ್ಟು ಹೊತ್ತು? ವ್ಯವಕಲನ ಕಲಿತ ಮಕ್ಕಳು ಇದನ್ನೂ ಹಾಗೇ ಕಳೆದು "1 ಗಂಟೆ 75 ನಿಮಿಷ" ಎಂದು ಬರೆಯುತ್ತಾರೆ. 1120ರಲ್ಲಿ 945 ಕಳೆದದ್ದು ಸರಿಯೇ, ಆದರೆ ದಶಕ ತೆಗೆದುಕೊಂಡಂತೆ 100 ತೆಗೆದುಕೊಂಡಿದ್ದಾರೆ. ಗಂಟೆಯಲ್ಲಿ ಇರುವುದು 60.

ಈಗ ಮೂರು ಪಟ್ಟಿಗಳನ್ನು ಜಗುಲಿಯ ನೆಲದ ಮೇಲೆ ಸಾಲಾಗಿ ಅಂಟಿಸಿದ್ದೇವೆ: 9ರಿಂದ 10, 10ರಿಂದ 11, 11ರಿಂದ 12. ಪ್ರಾರ್ಥನೆಯ ಚಿತ್ರವನ್ನು 9:45ರಲ್ಲಿ, ಬಿಡುವಿನ ಚಿತ್ರವನ್ನು 11:20ರಲ್ಲಿ ಮಕ್ಕಳೇ ಇಟ್ಟು ನಡುವೆ ನಡೆಯುತ್ತಾರೆ. ಮೊದಲು 10ರವರೆಗೆ 15 ನಿಮಿಷ, ಆಮೇಲೆ ಇಡೀ ಪಟ್ಟಿ 60, ಉಳಿದದ್ದು 20. ಒಟ್ಟು 95, ಅದರಲ್ಲಿ ಒಂದು ಪಟ್ಟಿಯಷ್ಟು ತೆಗೆದರೆ 1 ಗಂಟೆ 35 ನಿಮಿಷ.

ಇಲ್ಲಿ ಇಣುಕುವ ಇನ್ನೊಂದು ತಪ್ಪು ಎಣಿಕೆಯದು. 10:40ರಿಂದ 11ಕ್ಕೆ ಹೋಗುವಾಗ ನಿಂತ ಗೆರೆಯನ್ನೂ ಐದು ಎಂದು ಎಣಿಸಿ 25 ಹೇಳುತ್ತಾರೆ. ಐದೈದು ನಿಮಿಷದ ಗೆರೆಗಳ ನಡುವಿನ ಜಾಗಕ್ಕೆ ಒಂದು ಬಿಟ್ಟು ಒಂದು ಬಣ್ಣ ಹಚ್ಚಿ, ಗೆರೆ ಬಿಟ್ಟು ಬಣ್ಣ ಎಣಿಸಲು ಹೇಳಿದ ಮೇಲೆ ಕಡಿಮೆಯಾಗಿದೆ.

ಬಾಕಿ. ಬಿಸಿಯೂಟದಿಂದ ಕೊನೆಯ ಗಂಟೆಯವರೆಗಿನ ಲೆಕ್ಕ. 12 ದಾಟಿದ ಕೂಡಲೇ 1 ಬರುವುದರಿಂದ ದೊಡ್ಡದರಲ್ಲಿ ಸಣ್ಣದು ಕಳೆಯುವ ಅಭ್ಯಾಸ ಮತ್ತೆ ತಲೆ ಎತ್ತುತ್ತದೆ. ನಾಲ್ಕನೆಯ ಪಟ್ಟಿ ಸೇರಿಸಬೇಕು, ಜಗುಲಿಯಲ್ಲಿ ಇನ್ನೂ 90 ಸೆಂ.ಮೀ. ಜಾಗ ನೋಡಬೇಕು.