ಕೊನೆಗೂ ನಂಬಬಹುದಾದ ಸೊನ್ನೆ ಬಂತು

ದ್ರಾವಣವೊಂದು ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಪೋಲಾರಿಮೀಟರ್ ಸೊನ್ನೆ ಡಿಗ್ರಿ ತೋರಿಸಿತು ಅಂತ ಖುಷಿಪಡುವ ಮನುಷ್ಯ ಮಂಡ್ಯದಲ್ಲಿ ನಾನೊಬ್ಬನೇ ಇರಬೇಕು. ಆ ಸೊನ್ನೆ ಮೊದಲ ದಿನವೇ ಬಂದಿತ್ತು. ಅದು ಯಾಕೆ ಸೊನ್ನೆ ಅನ್ನೋದನ್ನು ಪತ್ತೆ ಮಾಡುವುದರಲ್ಲೇ ಇಷ್ಟು ದಿನ ಹೋಯಿತು.

ಉಪಕರಣ ಕಟ್ಟಿದ್ದು ಹೇಗೆ ಅಂತ ಮತ್ತೆ ಕೊರೆಯುವುದಿಲ್ಲ. ಹಳದಿ ಎಲ್‌ಇಡಿ, ಎರಡು ಪೋಲರಾಯ್ಡ್ ಹಾಳೆ, 20 ಸೆಂ.ಮೀ. ಗಾಜಿನ ಕೊಳವೆ, ಡಿಗ್ರಿ ಡಯಲ್. ಪಕ್ಕದ ಬೀದಿಯ ಕೆಮಿಸ್ಟ್ ಮಾವ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಬ್ರಿಕ್ಸ್, ಪೋಲ್ ನೋಡುತ್ತಲೇ ರಿಟೈರ್ ಆದವರು. ಅವರು ಕೊಟ್ಟ ಪರೀಕ್ಷೆ ಸುಲಭ: 26 ಗ್ರಾಂ ಒಣ ಸಕ್ಕರೆ ಕರಗಿಸಿ 100 ಮಿ.ಲೀ. ಮಾಡು, ಈ ಕೊಳವೆಯಲ್ಲಿ 34.6 ಡಿಗ್ರಿ ಬರಬೇಕು. ಮೊದಲು ಎಲ್ಲೆಲ್ಲೋ ಬಂತು. ಪೂರ್ತಿ ಕತ್ತಲಾಗಬೇಕಾದ ಕಡೆಯೂ ಬೆಳಕು ಸೋರುತ್ತಿತ್ತು. ಮಾವ ನೋಡಿದವರೇ, "ಕ್ಯಾಪ್ ಅಷ್ಟು ಬಿಗಿ ಮಾಡ್ಬೇಡ ಕಣ್ಲಾ, ಗಾಜು ಒತ್ತಡಕ್ಕೇ ಬೆಳಕು ತಿರುಗಿಸ್ತದೆ" ಅಂದರು. ಸಡಿಲ ಮಾಡಿದೆ, 34.5 ಬಂತು. ನನ್ನ ಡಯಲ್‌ನಲ್ಲಿ 0.2 ಡಿಗ್ರಿಯವರೆಗೆ ಧೈರ್ಯವಾಗಿ ಓದಬಹುದು. ಈ 0.2 ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಾಡಿದ್ದು.

ಈಗ ಸ್ಯಾಂಪಲ್ ವಿಷಯ. 1850ರಲ್ಲಿ ಅಡಾಲ್ಫ್ ಸ್ಟ್ರೆಕರ್ ಅಸಿಟಾಲ್ಡಿಹೈಡ್, ಅಮೋನಿಯ, ಹೈಡ್ರೋಜನ್ ಸಯನೈಡ್ ಸೇರಿಸಿ, ಬಂದದ್ದನ್ನು ಆಸಿಡ್‌ನಲ್ಲಿ ಕುದಿಸಿ ಅಲನೈನ್ ಅನ್ನುವ ಅಮೈನೋ ಆಮ್ಲ ಮಾಡಿದರು. ಅದನ್ನೇ ನನ್ನ ಸಹಪಾಠಿ ಮೈಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಮಾಡಿಕೊಟ್ಟಳು. ಅವಳು ಅಲ್ಲಿ ಕೆಮಿಸ್ಟ್ರಿ ಮೇಡಂ. ಸಯನೈಡ್ ಹಂತ ಪೂರ್ತಿ ಅವಳದು, ಫ್ಯೂಮ್ ಹುಡ್ ಒಳಗೆ, ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ. ಸಯನೈಡ್ ಉಳಿದಿರುವ ದ್ರಾವಣಕ್ಕೆ ಆಸಿಡ್ ಬಿದ್ದರೆ HCN ಅನಿಲ ಏಳುತ್ತದೆ. ಅದು ಮನೆಯ ತಾರಸಿಯಲ್ಲಿ ಮಾಡುವ ಕೆಲಸವೇ ಅಲ್ಲ. "ಪೋಲಾರಿಮೀಟರ್ ನಿಂದು, ಫ್ಲಾಸ್ಕ್ ನಂದು. ಈ ಗೆರೆ ದಾಟಿದ್ರೆ ಲ್ಯಾಬಿಗೆ ಸೇರಿಸಲ್ಲ ಕಣೋ" ಅಂತ ಮೊದಲೇ ಹೇಳಿದ್ದಳು. ಸಯನೈಡ್ ಇಲ್ಲ ಅಂತ ಪರೀಕ್ಷೆ ಮಾಡಿದ ಮೇಲೆ ಬಿಳಿ ಪುಡಿ ಮಾತ್ರ ನನ್ನ ಕೈಗೆ ಬಂತು.

ಆ ಪುಡಿಯನ್ನು ನೀರಿನಲ್ಲಿ ಕರಗಿಸಿ ನೋಡಿದೆ. ಸೊನ್ನೆ.

ಅಲನೈನ್ ಅಣುವಿಗೆ ಎಡಗೈ ಬಲಗೈ ಥರ ಕನ್ನಡಿ ಬಿಂಬದ ಎರಡು ರೂಪ, ಎಲ್ ಮತ್ತು ಡಿ. ಒಂದು ಬೆಳಕನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಅಷ್ಟೇ ವಿರುದ್ಧ ಕಡೆಗೆ. ಸ್ಟ್ರೆಕರ್ ವಿಧಾನದಲ್ಲಿ ಎರಡೂ ಸಮಪಾಲಾಗಿ, ಅಂದರೆ ರೇಸಿಮಿಕ್ ಆಗಿ ಬರುತ್ತವೆ. ಅಂದಮೇಲೆ ಸೊನ್ನೆಯೇ ಬರಬೇಕು, ಮುಗೀತಲ್ವಾ? ಇಲ್ಲ. ಉಪ್ಪು ನೀರು ಹಾಕಿದರೂ ಸೊನ್ನೆಯೇ ಬರುತ್ತದೆ. ಪುಡಿಯಲ್ಲಿ ಅಲನೈನ್ ಎಷ್ಟಿದೆ ಅಂತ ಮೊದಲು ಗೊತ್ತಾಗಬೇಕು.

ಸ್ಟ್ರೆಕರ್ ವಿಧಾನದ ದೊಡ್ಡ ತಲೆನೋವು ಇಲ್ಲೇ ಇರೋದು. ಮೊದಲ ಹಂತದಲ್ಲಿ ಬರುವ ಅಮೈನೋನೈಟ್ರೈಲ್ ಅನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕುದಿಸಿದಾಗ ನೈಟ್ರೈಲ್ ಮೊದಲು ಅಮೈಡ್ ಆಗುತ್ತದೆ, ಆಮೇಲೆ ಆಮ್ಲ. ಆ ನೈಟ್ರೈಲ್‌ನ ನೈಟ್ರೋಜನ್ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ ಆಗಿ ಹೊರಬರುತ್ತದೆ. ಒಂದು ಅಣು ಅಲನೈನ್‌ಗೆ ಒಂದು ಅಣು ನವಸಾಗರ ಉಚಿತ! ಅದರ ಮೇಲೆ ಶುರುವಿನಲ್ಲಿ ಹಾಕಿದ್ದ ಅಮೋನಿಯದ ಉಳಿಕೆ, ಸೋಡಿಯಂ ಕ್ಲೋರೈಡ್ ಬೇರೆ. ಎಲ್ಲವೂ ಬಿಳಿ, ಎಲ್ಲವೂ ನೀರಿನಲ್ಲಿ ಕರಗುತ್ತವೆ. ನಿನ್‌ಹೈಡ್ರಿನ್ ಹಾಕಿದರೆ ನೇರಳೆ ಬಣ್ಣ ಬಂತು ನಿಜ. ಆದರೆ ಅಮೋನಿಯಂ ಉಪ್ಪಿಗೂ ನೇರಳೆ ಬರುತ್ತದೆ, ಹಾಗಾಗಿ ಆ ಬಣ್ಣ ಕಂಡು ಕುಣಿಯುವಂತಿಲ್ಲ. ಕಾಸ್ಟಿಕ್ ಸೋಡಾ ಹಾಕಿ ಸ್ವಲ್ಪ ಬಿಸಿ ಮಾಡಿ, ಟೆಸ್ಟ್‌ಟ್ಯೂಬಿನ ಬಾಯಿಗೆ ಒದ್ದೆ ಕೆಂಪು ಲಿಟ್ಮಸ್ ಹಿಡಿದೆವು. ತಕ್ಷಣ ನೀಲಿಯಾಯಿತು. ಶುದ್ಧ ಅಲನೈನ್ ಹಾಗೆ ಅಮೋನಿಯ ಬಿಡುವುದಿಲ್ಲ. ಪುಡಿಯಲ್ಲಿ ನವಸಾಗರ ಬೇಕಾದಷ್ಟಿತ್ತು.

ಮೇಡಂ ಅದನ್ನು ಆಸಿಡ್ ರೂಪದ ಕ್ಯಾಟಯಾನ್ ರೆಸಿನ್ ಕಾಲಂನಲ್ಲಿ ಇಳಿಸಿದಳು. ಅಲನೈನ್, ಅಮೋನಿಯಂ, ಸೋಡಿಯಂ ಮೂರೂ ರೆಸಿನ್‌ಗೆ ಅಂಟಿಕೊಳ್ಳುತ್ತವೆ, ಕ್ಲೋರೈಡ್ ಕೆಳಗಿಳಿದು ಹೋಗುತ್ತದೆ. ಸಿಲ್ವರ್ ನೈಟ್ರೇಟ್ ಹನಿಗೆ ಮೊಸರು ಮೊಸರಾಗುವುದು ನಿಲ್ಲುವ ತನಕ ನೀರು ಬಿಟ್ಟು, ಆಮೇಲೆ ತೆಳುವಾದ ಅಮೋನಿಯ ದ್ರಾವಣ ಬಿಟ್ಟರೆ ಅಲನೈನ್ ಇಳಿದು ಬರುತ್ತದೆ. ಜೊತೆಗೆ ಬಂದ ಅಮೋನಿಯ ಆವಿಯಾಗಿ ಹೋಗುತ್ತದೆ. ಈ ಸಲದ ಪುಡಿಗೆ ಲಿಟ್ಮಸ್ ಕೆಂಪಾಗಿಯೇ ಉಳಿಯಿತು.

ಮತ್ತೆ ನೀರಿನಲ್ಲಿ ಕರಗಿಸಿ ನೋಡಿದೆ. ಮತ್ತೆ ಸೊನ್ನೆ. ಆದರೆ ಈ ಸೊನ್ನೆಯನ್ನೂ ನಂಬುವಂತಿರಲಿಲ್ಲ!

ಒಂದೇ ಕೈಯ ಅಲನೈನ್, ಅಂದರೆ ಪ್ರೋಟೀನಿನಲ್ಲಿ ಇರುವ ಎಲ್-ಅಲನೈನ್, ನೀರಿನಲ್ಲಿ ಬೆಳಕನ್ನು ತಿರುಗಿಸುವುದು ತೀರಾ ಕಡಿಮೆ. ಅದರ ವಿಶಿಷ್ಟ ತಿರುಗುವಿಕೆ, ಅಂದರೆ ಮಿ.ಲೀ.ಗೆ ಒಂದು ಗ್ರಾಂ, ಒಂದು ಡೆಸಿಮೀಟರ್ ಕೊಳವೆ ಅನ್ನುವ ಲೆಕ್ಕದ ಡಿಗ್ರಿ, ಸುಮಾರು +1.8. ಸಕ್ಕರೆಯದು +66.5. ನೂರು ಮಿ.ಲೀ.ಗೆ 10 ಗ್ರಾಂ ಲೆಕ್ಕದಲ್ಲಿ ಕರಗಿಸಿ ನನ್ನ 2 ಡೆಸಿಮೀಟರ್ ಕೊಳವೆಗೆ ಹಾಕಿದರೆ 1.8 × 2 × 0.1, ಅಂದರೆ 0.36 ಡಿಗ್ರಿ. ನನ್ನ ಡಯಲ್ ಓದುವುದೇ 0.2ಕ್ಕೆ. ಪೂರ್ತಿ ಎಲ್ ಇದ್ದರೂ ಹೌದೋ ಅಲ್ಲವೋ ಅನ್ನುವಷ್ಟೇ ಕಾಣುತ್ತದೆ.

ಹೋಲಿಸಿ ನೋಡಲು ಎಲ್-ಅಲನೈನ್ ತರಿಸೋಣ ಅಂತ ಒಬ್ಬ ಡೀಲರ್‌ಗೆ ಹೇಳಿದೆ. "ಇದೆ ಸಾರ್, ಫಸ್ಟ್ ಕ್ವಾಲಿಟಿ" ಅಂದ. ಬಂದ ಡಬ್ಬಿಯ ಪುಡಿ 20 ಮಿ.ಲೀ. ನೀರಿನಲ್ಲಿ 8 ಗ್ರಾಂ ಆರಾಮಾಗಿ ಕರಗಿತು. ಅಲನೈನ್ ಅಷ್ಟು ನೀರಿನಲ್ಲಿ ಮೂರು ಗ್ರಾಂ ಚಿಲ್ಲರೆ ಕರಗಿದರೆ ಹೆಚ್ಚು. ಡಬ್ಬಿ ತಿರುಗಿಸಿದರೆ, ಇರುವೆ ಗಾತ್ರದ ಅಕ್ಷರದಲ್ಲಿ ಬೀಟಾ. ಅದು ಜಿಮ್ ಹುಡುಗರು ನುಂಗುವ ಬೀಟಾ-ಅಲನೈನ್! ಅದರಲ್ಲಿ ಅಮೈನೋ ಗುಂಪು ಒಂದು ಕಾರ್ಬನ್ ಆಚೆ ಕೂತಿರುತ್ತದೆ. ನಾಲ್ಕು ಬೇರೆ ಬೇರೆ ಗುಂಪು ಹಿಡಿದ ಕಾರ್ಬನ್ ಅದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಎಡಗೈ ಬಲಗೈ ಪ್ರಶ್ನೆಯೇ ಬರುವುದಿಲ್ಲ. ಸೊನ್ನೆ ತೋರಿಸಲೆಂದೇ ಹುಟ್ಟಿದ ಪುಡಿ. ವಾಪಸ್ ತಗೋ ಅಂದರೆ "ಸೀಲ್ ಒಡೆದಿದ್ದೀರಲ್ಲ ಸಾರ್" ಅಂದ. ಯಾರಿಗಾದರೂ ಬೇಕಿದ್ದರೆ ಸುಮ್ನೆ ಬಂದು ತಗೊಂಡು ಹೋಗಿ. ಬೇರೆ ಕಡೆಯಿಂದ ಸರಿಯಾದ ಎಲ್ ಬಂತು, ದುಡ್ಡು ಜಾಸ್ತಿ.

ದಾರಿ ಸಿಕ್ಕಿದ್ದು ಆಸಿಡ್‌ನಲ್ಲಿ. 6 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎಲ್-ಅಲನೈನ್‌ನ ತಿರುಗುವಿಕೆ ಸುಮಾರು +14.5ಕ್ಕೆ ಏರುತ್ತದೆ. ಅಣುವಿನ ಆಮ್ಲದ ತುದಿಗೂ ಪ್ರೋಟಾನ್ ಸೇರಿ ಅದರ ಚಾರ್ಜ್ ಬದಲಾಗುತ್ತದೆ, ಕೈ ಬದಲಾಗುವುದಿಲ್ಲ. ಅದೇ ಸಾಂದ್ರತೆ, ಅದೇ ಕೊಳವೆ, ಈಗ 2.9 ಡಿಗ್ರಿ ಬರಬೇಕು. ಇದನ್ನು ನನ್ನ ಡಯಲ್ ಕಣ್ಣುಮುಚ್ಚಿ ಹೇಳುತ್ತದೆ. ಕ್ಯಾಪ್‌ಗಳನ್ನು ಪ್ಲಾಸ್ಟಿಕ್‌ಗೆ ಬದಲಿಸಿ, ಉಪಕರಣವನ್ನು ರೈಲಿನಲ್ಲಿ ಮೈಸೂರಿಗೆ ಹೊತ್ತೊಯ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಅದೇನಪ್ಪ, ದುರ್ಬೀನಾ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ.

25 ಮಿ.ಲೀ. ಆಸಿಡ್ ದ್ರಾವಣದಲ್ಲಿ 2.5 ಗ್ರಾಂ ಎಲ್-ಅಲನೈನ್: 2.9. ಅಷ್ಟೇ ತೂಕದ ನಮ್ಮ ಸ್ಟ್ರೆಕರ್ ಪುಡಿ: ಸೊನ್ನೆ. ಅರ್ಧ ಅದು, ಅರ್ಧ ಇದು: 1.5. ಲೆಕ್ಕದಲ್ಲಿ 1.45 ಬರಬೇಕಿತ್ತು. ಈ ಮೂರನೆಯ ಅಳತೆಯೇ ನನಗೆ ಮುಖ್ಯ. ನಮ್ಮ ಪುಡಿ ಜೊತೆಗಿದ್ದಾಗಲೂ ಎಲ್ ತನ್ನ ಪಾಲಿನಷ್ಟು ತಿರುಗಿಸಿತು, ಅಂದರೆ ಪುಡಿಯಲ್ಲಿ ಅಳತೆ ಕೆಡಿಸುವಂಥದ್ದು ಏನೂ ಇಲ್ಲ.

ಒಂದು ಅನುಮಾನ ಉಳಿದಿತ್ತು. ಫ್ಲಾಸ್ಕಿನಲ್ಲಿ ಮೊದಲು ಒಂದೇ ಕೈಯ ಅಲನೈನ್ ಹುಟ್ಟಿ, ಆಸಿಡ್‌ನಲ್ಲಿ ಕುದಿಯುವಾಗ ಎರಡೂ ಕಲಸಿಹೋಯಿತೇ? ಎಲ್-ಅಲನೈನ್ ಅನ್ನೇ, ನೈಟ್ರೈಲ್ ಅನ್ನು ಆಮ್ಲ ಮಾಡುವ ಜಲವಿಚ್ಛೇದನಕ್ಕೆ ಕುದಿಸಿದಷ್ಟು ಹೊತ್ತು ಅದೇ ಆಸಿಡ್‌ನಲ್ಲಿ ಕುದಿಸಿ ಮತ್ತೆ ಅಳೆದೆವು. 2.9 ಇದ್ದದ್ದು ನನ್ನ ಡಯಲ್‌ಗೆ ಕಾಣುವಷ್ಟು ಇಳಿಯಲಿಲ್ಲ. ಜಲವಿಚ್ಛೇದನ ಮುಟ್ಟುವುದು ನೈಟ್ರೈಲ್‌ನ ಕಾರ್ಬನ್ ಅನ್ನು. ಅಮೈನೋ ಗುಂಪು ಹಿಡಿದ ಪಕ್ಕದ ಕಾರ್ಬನ್‌ನ ನಾಲ್ಕು ಬಂಧಗಳೂ ಹಾಗೇ ಉಳಿಯುತ್ತವೆ.

ಅಂದಮೇಲೆ ಸಮಪಾಲು ಆಗಿದ್ದು ಅದಕ್ಕೂ ಮುಂಚೆ. ಅಸಿಟಾಲ್ಡಿಹೈಡ್ ಅಮೋನಿಯದ ಜೊತೆ ಸೇರಿ ನೀರು ಕಳೆದುಕೊಂಡು ಇಮೀನ್ ಆಗುತ್ತದೆ. ಇಮೀನ್‌ನ ಆ ಕಾರ್ಬನ್ ಮೂರೇ ಗುಂಪು ಹಿಡಿದು ಚಪ್ಪಟೆಯಾಗಿ ಕೂತಿದೆ. ಸಯನೈಡ್ ಒಂದು ಮುಖದಿಂದ ಬಂದರೆ ಎಲ್‌ಗೆ ಹೋಗುವ ಅಮೈನೋನೈಟ್ರೈಲ್, ಇನ್ನೊಂದು ಮುಖದಿಂದ ಬಂದರೆ ಡಿ. ಈ ಎರಡು ದಾರಿಗಳು ಒಂದರ ಕನ್ನಡಿ ಬಿಂಬ ಇನ್ನೊಂದು, ಹಾಗಾಗಿ ಎರಡಕ್ಕೂ ಹತ್ತಬೇಕಾದ ಶಕ್ತಿಯ ದಿಣ್ಣೆ ಒಂದೇ ಎತ್ತರ. ಒಂದು ದಿಣ್ಣೆ ಸ್ವಲ್ಪ ತಗ್ಗಬೇಕಾದರೆ ಪಕ್ಕದಲ್ಲಿ ಕೈಯಿರುವ ವಸ್ತು ಏನಾದರೂ ಇರಬೇಕು. ನಮ್ಮ ಫ್ಲಾಸ್ಕಿನಲ್ಲಿ ಇದ್ದದ್ದು ನೀರು, ಅಮೋನಿಯ, ಸಯನೈಡ್, ಗಾಜು. ಯಾವುದಕ್ಕೂ ಕೈ ಇಲ್ಲ. ಸಾಲದ್ದಕ್ಕೆ ಅಮೈನೋನೈಟ್ರೈಲ್ ಸಯನೈಡ್ ಬಿಟ್ಟು ಮತ್ತೆ ಇಮೀನ್ ಆಗಲೂಬಹುದು. ಯಾವುದೋ ಮಾಯೆಯಿಂದ ಒಂದು ಕೈ ಹೆಚ್ಚಾಗಿದ್ದರೂ ಆ ಹಂತದಲ್ಲೇ ಕಲಸಿಹೋಗುತ್ತಿತ್ತು.

ಪ್ರತಿ ಅಣುವೂ ಎಲ್ ಇಲ್ಲವೇ ಡಿ, ನಡುವಿನದು ಯಾವುದೂ ಇಲ್ಲ. ಹಾಗಾದರೆ ಸುಮ್ನೆ ಅದೃಷ್ಟದಿಂದಾದರೂ ಒಂದು ಕಡೆ ಜಾಸ್ತಿ ಆಗಬೇಕಲ್ವಾ? ಆಗುತ್ತದೆ. ಹತ್ತು ಗ್ರಾಂ ಅಲನೈನ್‌ನಲ್ಲಿ ಸುಮಾರು 6.8 × 10²² ಅಣುಗಳು. ನಾಣ್ಯ ಚಿಮ್ಮಿದ ಲೆಕ್ಕದಲ್ಲಿ ವ್ಯತ್ಯಾಸ ಅದರ ವರ್ಗಮೂಲದಷ್ಟು, ಅಂದರೆ 2.6 × 10¹¹ರ ಆಸುಪಾಸು. ಕೇಳಲು ದೊಡ್ಡ ಸಂಖ್ಯೆ. ಒಟ್ಟಿನಿಂದ ಭಾಗಿಸಿದರೆ ಸುಮಾರು 4 × 10⁻¹². ಅದನ್ನು 2.9 ಡಿಗ್ರಿಗೆ ಗುಣಿಸಿ ಬಂದದ್ದನ್ನು ಓದುವ ಡಯಲ್ ಯಾರ ಹತ್ತಿರವೂ ಇಲ್ಲ.

ಫ್ಲಾಸ್ಕಿಗೆ ಕೈ ಕೊಡುವುದು ಸಾಧ್ಯ. 1963ರಲ್ಲಿ ಹರಾದಾ ಅನ್ನುವವರು ಅಮೋನಿಯದ ಬದಲು ಒಂದೇ ಕೈಯ ಅಮೀನ್ ಹಾಕಿ ಒಂದು ಕಡೆಗೆ ವಾಲಿಸಿ ತೋರಿಸಿದರು. ಆ ಅಮೀನ್‌ನ ಬೆಲೆ ನೋಡಿ ಪುಟ ಮುಚ್ಚಿದೆ.

ನನ್ನ ಮುಂದಿನ ಯೋಜನೆ ಬೇರೆ: ಮಾಡಿಟ್ಟ ಮಿಶ್ರಣವನ್ನೇ ಬೇರ್ಪಡಿಸುವುದು. ಡಿಎಲ್-ಅಲನೈನ್‌ಗೆ ಅಸಿಟೈಲ್ ಗುಂಪು ಅಂಟಿಸಿ ಅಸೈಲೇಸ್ ಕಿಣ್ವಕ್ಕೆ ಕೊಟ್ಟರೆ, ಅದು ಎಲ್‌ನಿಂದ ಮಾತ್ರ ಆ ಗುಂಪನ್ನು ಕತ್ತರಿಸುತ್ತದೆ. ಡಿ ಅಂಟಿಸಿದಂತೆಯೇ ಉಳಿಯುತ್ತದೆ. ಜಪಾನಿನ ತನಾಬೆ ಕಂಪನಿ 1969ರಲ್ಲೇ ಈ ಕಿಣ್ವವನ್ನು ಕಾಲಂನಲ್ಲಿ ಕೂರಿಸಿ ಕಾರ್ಖಾನೆ ಮಟ್ಟದಲ್ಲಿ ಇದನ್ನು ಮಾಡಿತು. ಹತ್ತು ಗ್ರಾಂ ಮಿಶ್ರಣದಿಂದ ಎಲ್ ಸಿಗುವುದು ಹೆಚ್ಚೆಂದರೆ ಐದು. ಅಸಿಟಿಕ್ ಅನ್‌ಹೈಡ್ರೈಡ್ ನಮ್ಮಲ್ಲಿ ಮಾದಕವಸ್ತು ಕಾಯ್ದೆಯಡಿ ನಿಯಂತ್ರಿತ ಸರಕು, ಆ ಭಾಗವೂ ಕಾಲೇಜಿನ ಲೆಕ್ಕಕ್ಕೇ ಹೋಗಬೇಕು. ಅಸೈಲೇಸ್ ಹಳೆಯ ಕಾಲದಲ್ಲಿ ಹಂದಿ ಕಿಡ್ನಿಯಿಂದ ತೆಗೆಯುತ್ತಿದ್ದರು. ಹಂದಿ ಮಾಂಸದ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಭಾನುವಾರ ಬಾ ಅಂದಿದ್ದಾನೆ. ಫ್ರಿಜ್‌ನಲ್ಲಿ ಇಡುವ ವಿಷಯಕ್ಕೆ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಅಷ್ಟರೊಳಗೆ ಡಯಲ್‌ಗೆ ಒಂದು ವರ್ನಿಯರ್ ಕೂರಿಸಿ 0.2ನ್ನು 0.1ಕ್ಕೆ ಇಳಿಸಬೇಕು.