ಟ್ರಾನ್ಸ್‌ಕ್ರಿಪ್ಟ್ ಫೈಲು ಲೆಡ್ಜರ್ ಹತ್ತಿರ ಯಾಕೆ ನಿಲ್ಲುತ್ತದೆ

ನಾನು ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ವಿಷಯ ನಿರ್ವಾಹಕ. ಎಲ್ಲಾ ಸೆಮಿಸ್ಟರಿನ ಅಂಕಗಳನ್ನು ಒಟ್ಟಿಗೆ ತೋರಿಸುವ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿದವರಿಂದ ಕೌಂಟರಿನಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು: "ಎಲ್ಲಾ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೊಟ್ಟಿದ್ದೀನಲ್ಲ ಸರ್, ಅದನ್ನ ನೋಡ್ಕೊಂಡು ಟೈಪ್ ಮಾಡೋಕೆ ಇಷ್ಟು ದಿನ ಬೇಕಾ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜೆರಾಕ್ಸ್ ನೋಡಿಕೊಂಡು ನಾವು ಟೈಪ್ ಮಾಡುವುದಿಲ್ಲ. ನಿಮ್ಮ ಕೈಯಲ್ಲಿರುವ ಕಾರ್ಡು ನಮಗೆ ದಾರಿ ತೋರಿಸುತ್ತದೆ, ಅಷ್ಟೆ. ಯಾವ ವರ್ಷ, ಯಾವ ಸೆಮಿಸ್ಟರ್, ಯಾವ ರಿಜಿಸ್ಟರ್ ನಂಬರ್ ಎಂಬುದನ್ನು ಅದರಿಂದ ತಿಳಿದು, ಅಂಕಗಳನ್ನು ಲೆಡ್ಜರಿನಿಂದ ಎತ್ತಿಕೊಳ್ಳುತ್ತೇವೆ. ಫಲಿತಾಂಶದ ಹೊತ್ತಿಗೆ ಸಿದ್ಧವಾಗಿ, ಸಹಿಯಾಗಿ ಉಳಿದ ಮೂಲ ದಾಖಲೆ ಅದು. ಹಳೆಯ ಬ್ಯಾಚುಗಳದ್ದು ಬೈಂಡ್ ಮಾಡಿದ ದಪ್ಪ ಪುಸ್ತಕಗಳಲ್ಲಿ, ಹೊಸಬರದ್ದು ಕಂಪ್ಯೂಟರಿನಲ್ಲಿ. ಕಾರ್ಡೂ ಲೆಡ್ಜರೂ ಒಂದೇ ಅಂಕ ಹೇಳಿದರೆ ಕೆಲಸ ಬೇಗ ಮುಗಿಯುತ್ತದೆ. ಎಲ್ಲಿ ವ್ಯತ್ಯಾಸ ಕಂಡಿತೋ ಫೈಲು ಅಲ್ಲೇ ನಿಲ್ಲುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಬಿಎಸ್ಸಿ ಮುಗಿಸಿ ವರ್ಷಗಳಾದ ಮೇಲೆ ಒಬ್ಬ ಹೆಣ್ಣುಮಗಳು ವಿದೇಶದಲ್ಲಿ ಓದಲು ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿದ್ದರು. ಆರು ಸೆಮಿಸ್ಟರಿನ ಕಾರ್ಡುಗಳೂ ಇದ್ದವು, ಘಟಿಕೋತ್ಸವದ ಪ್ರಮಾಣಪತ್ರವೂ ಇತ್ತು. ಅವರ ಮೂರನೇ ಸೆಮಿಸ್ಟರ್ ಕಾರ್ಡಿನಲ್ಲಿ ರಸಾಯನಶಾಸ್ತ್ರ ಥಿಯರಿಗೆ 70ಕ್ಕೆ 31, ಇಂಟರ್ನಲ್ಸ್ 22, ಒಟ್ಟು 53, ಪಾಸ್. ಲೆಡ್ಜರ್ ತೆರೆದರೆ ಥಿಯರಿ 19, ಒಟ್ಟು 41, ಫೇಲ್. ಥಿಯರಿಯಲ್ಲಿ ಪ್ರತ್ಯೇಕವಾಗಿ 25 ಬರಬೇಕಿತ್ತು, ಹಾಗಾಗಿ ಒಟ್ಟು 41 ಇದ್ದರೂ ಪಾಸಾಗುವಂತಿರಲಿಲ್ಲ. ಇಂಥ ಕಡೆ ಹೊಸದಾಗಿ ಸೇರಿದವರಿಗೆ ಮೊದಲು ಬರುವ ಅನುಮಾನ ನಕಲಿ ಕಾರ್ಡು ಎಂದು. ನಮಗೆ ಮೊದಲು ಹೊಳೆಯುವುದು ಮರುಮೌಲ್ಯಮಾಪನ. ಇಂಟರ್ನಲ್ಸ್ ಎರಡೂ ಕಡೆ 22 ಇದ್ದು, ಥಿಯರಿ ಮಾತ್ರ ಬದಲಾಗಿತ್ತು. ರೀವ್ಯಾಲ್ಯುಯೇಷನ್ ಆದಾಗ ಬದಲಾಗುವುದು ಥಿಯರಿ ಅಂಕವೇ. ಕಾರ್ಡಿನ ದಿನಾಂಕವೂ ಫಲಿತಾಂಶಕ್ಕಿಂತ ಬಹಳ ತಡವಾಗಿತ್ತು.

ಆದದ್ದು ಹೀಗೆ. ಮುಖ್ಯ ಫಲಿತಾಂಶದ ಲೆಡ್ಜರು ಮೊದಲೇ ಅಚ್ಚಾಗಿ ಬೈಂಡಿಂಗಿಗೆ ಹೋಗಿಬಿಟ್ಟಿತ್ತು. ಮರುಮೌಲ್ಯಮಾಪನದ ಫಲಿತಾಂಶ ಆಮೇಲೆ ಬೇರೆ ಅಧಿಸೂಚನೆಯಾಗಿ ಬಂತು. ಅದರ ಮೇಲೆ ಹಳೆಯ ಕಾರ್ಡು ವಾಪಸ್ ಪಡೆದು ಹೊಸದನ್ನು ಕೊಟ್ಟರು. ಕಂಪ್ಯೂಟರಿನಲ್ಲಿ ಅಂಕ ಸರಿಹೋಯಿತು, ಪದವಿಯೂ ಸಿಕ್ಕಿತು. ಆ ಅಂಕವನ್ನು ಬೈಂಡಾದ ಪುಸ್ತಕಕ್ಕೂ ಕೈಯಿಂದ ಏರಿಸಬೇಕಿತ್ತು, ಅದೊಂದು ಉಳಿದುಹೋಗಿತ್ತು. ಅಷ್ಟು ವರ್ಷ ಯಾರಿಗೂ ಆ ಪುಟ ಬೇಕಾಗಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಸರಿಪಡಿಸುವುದು ಎಂದರೆ ಪೆನ್ನು ತೆಗೆದು ಹೊಡೆದುಹಾಕುವುದಲ್ಲ. ಆ ಪರೀಕ್ಷೆಯ ಮರುಮೌಲ್ಯಮಾಪನ ಅಧಿಸೂಚನೆ ಹುಡುಕಬೇಕು. ಉತ್ತರಪತ್ರಿಕೆಗೆ ರಿಜಿಸ್ಟರ್ ನಂಬರ್ ಮುಚ್ಚಿ ಕೋಡ್ ಹಾಕಿರುತ್ತಾರೆ, ಆ ಕೋಡು ಇದೇ ವಿದ್ಯಾರ್ಥಿಯದು ಎಂದು ರಿಜಿಸ್ಟರಿನಲ್ಲಿ ತಾಳೆ ನೋಡಬೇಕು. ಆಮೇಲೆ ಟಿಪ್ಪಣಿ ಬರೆದರೆ ಅದು ಅಧೀಕ್ಷಕರು, ಉಪ ಕುಲಸಚಿವರನ್ನು ದಾಟಿ ಕುಲಸಚಿವರು (ಮೌಲ್ಯಮಾಪನ) ಅವರ ತನಕ ಹೋಗುತ್ತದೆ. ಒಪ್ಪಿಗೆ ಬಂದ ಮೇಲೆ 19ನ್ನು ಓದಲು ಬರುವಂತೆ ಗೆರೆ ಎಳೆದು, ಪಕ್ಕದಲ್ಲಿ 31 ಬರೆದು, ಅಧಿಸೂಚನೆಯ ಸಂಖ್ಯೆ, ದಿನಾಂಕ, ಕಿರುಸಹಿ ಹಾಕುತ್ತೇವೆ. ಟ್ರಾನ್ಸ್‌ಕ್ರಿಪ್ಟ್ ಟೈಪ್ ಮಾಡುವುದು ಇದೆಲ್ಲ ಮುಗಿದ ಮೇಲೆ. ಅದನ್ನೂ ಒಬ್ಬರು ಲೆಡ್ಜರಿನಿಂದ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರತಿಯಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. ಅರ್ಜಿಯ ಜೊತೆ "ಈ ವಿಷಯಕ್ಕೆ ಮರುಮೌಲ್ಯಮಾಪನ ಆಗಿದೆ" ಎಂಬ ಒಂದು ಸಾಲು ಇದ್ದಿದ್ದರೆ ಹುಡುಕಾಟದ ಅರ್ಧ ಉಳಿಯುತ್ತಿತ್ತು. ಅರ್ಜಿ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಬೇಕು ಎಂಬುದು ನನ್ನ ಹಳೆಯ ವಾದ.

ಇದೇ ಜಾತಿಯ ಇನ್ನೊಂದು ಗೊಂದಲ ಅರ್ಜಿದಾರರಿಂದಲೇ ಆಗುತ್ತದೆ. ಒಂದು ವಿಷಯ ಬಾಕಿ ಉಳಿದು ಮುಂದಿನ ಪರೀಕ್ಷೆಯಲ್ಲಿ ಪಾಸಾದವರು ಫೇಲಾದ ಕಾರ್ಡನ್ನೋ ಬರೀ ಆ ಒಂದು ವಿಷಯದ ಕಾರ್ಡನ್ನೋ ನಾಚಿಕೆಗೆ ಬಿಟ್ಟು ಉಳಿದದ್ದನ್ನು ಕಳಿಸುತ್ತಾರೆ. ಪಾಸಾದ ತಿಂಗಳು, ವರ್ಷ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೇಗೂ ಬರುತ್ತದೆ. ಆಚೆ ದೇಶದಲ್ಲಿ ಪರಿಶೀಲಿಸುವವರಿಗೆ ಕಾರ್ಡಿನ ಪ್ರತಿ ಒಂದು ಹೇಳುತ್ತದೆ, ನಾವು ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ಟ್ರಾನ್ಸ್‌ಕ್ರಿಪ್ಟ್ ಇನ್ನೊಂದು ಹೇಳುತ್ತದೆ. ಆಗ ಅವರು ದೃಢೀಕರಣಕ್ಕೆ ಮತ್ತೆ ನಮಗೇ ಬರೆಯುತ್ತಾರೆ. ಹಾಗಾಗಿ ಫೇಲಾದ ಕಾರ್ಡುಗಳನ್ನೂ ಕೊಡಿ. ಬೇರೆ ದೇಶದ ಪದವಿಗಳನ್ನು ಪರಿಶೀಲಿಸಿ ವರದಿ ಕೊಡುವ ಡಬ್ಲ್ಯೂಇಎಸ್‌ನಂಥ ಸಂಸ್ಥೆಗೆ ಹೋಗುವುದಾದರೆ ಅವರು ಕೊಟ್ಟ ರೆಫರೆನ್ಸ್ ನಂಬರನ್ನೂ ಅವರ ಫಾರಂ ಅನ್ನೂ ಅರ್ಜಿಯ ಜೊತೆಗೇ ಇಡಿ. ಅದಿಲ್ಲದೆ ಹೋದ ಲಕೋಟೆ ಯಾರ ಖಾತೆಗೆ ಸೇರಬೇಕೆಂದು ಅಲ್ಲಿಯವರಿಗೆ ತಿಳಿಯುವುದು ಕಷ್ಟ.

ಹೆಸರಿನ ವಿಷಯವೂ ಇದೆ. ನಮ್ಮ ದಾಖಲೆಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿದ್ದಂತೆ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ತಂದೆಯ ಹೆಸರು ಬರೆಸಿರುತ್ತಾರೆ. "ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹಾಕಿಕೊಡಿ ಸರ್" ಎಂದರೆ ಆಗುವುದಿಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಾಗಲಿ ಕಳೆದ ಕಾರ್ಡಿಗೆ ಬದಲಾಗಿ ಕೊಡುವ ಡೂಪ್ಲಿಕೇಟಿನಲ್ಲಾಗಲಿ ಲೆಡ್ಜರಿನ ಹೆಸರೇ ಬರುತ್ತದೆ. ನಮ್ಮಲ್ಲೇ ಅಕ್ಷರ ತಪ್ಪಿದ್ದರೆ ಎಸ್ಸೆಸ್ಸೆಲ್ಸಿ ಕಾರ್ಡು ಇಟ್ಟು ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕು. ಅದನ್ನು ಮೊದಲು ಮುಗಿಸಿಕೊಂಡು ಆಮೇಲೆ ಟ್ರಾನ್ಸ್‌ಕ್ರಿಪ್ಟಿಗೆ ಬನ್ನಿ.

ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ತಡವಾಗುವ ಕಾರಣ ಬೇರೆ. ಅಲ್ಲಿ ನಾವು ನೋಡುವುದು ಎಲ್ಲಾ ಸೆಮಿಸ್ಟರೂ ಮುಗಿದಿದೆಯೇ ಎಂಬುದನ್ನು. ಕೊನೆಯ ಸೆಮಿಸ್ಟರಿನಲ್ಲಿ ಒಳ್ಳೆ ಅಂಕ ಬಂದಿದ್ದರೂ ಕಾಲೇಜಿನಿಂದ ಹಿಂದಿನ ಒಂದು ಇಂಟರ್ನಲ್ ಅಂಕ ಬಂದಿರುವುದಿಲ್ಲ, ಅಥವಾ ಪ್ರವೇಶಾತಿಯ ಅನುಮೋದನೆ ಬಾಕಿ ಇರುತ್ತದೆ, ಫಲಿತಾಂಶವನ್ನು ತಡೆಹಿಡಿದಿರುತ್ತಾರೆ. ಅಂಥವರು ನಮ್ಮ ಕೌಂಟರಿನಲ್ಲಿ ನಿಂತು ಪ್ರಯೋಜನವಿಲ್ಲ, ಕಾಲೇಜಿನ ಆಫೀಸಿಗೆ ಹೋಗಿ ಆ ಪತ್ರ ಹೊರಡಿಸಬೇಕು. ಘಟಿಕೋತ್ಸವ ಮುಗಿದ ಮೇಲೆ ಬಂದರೆ ಸಾಮಾನ್ಯವಾಗಿ ಪಿಡಿಸಿ ಬದಲು ಪದವಿ ಪ್ರಮಾಣಪತ್ರಕ್ಕೇ ಅರ್ಜಿ ಹಾಕಲು ಹೇಳುತ್ತೇವೆ.

ಎಷ್ಟೋ ಜನ ಬರುವ ವಿಶ್ವವಿದ್ಯಾಲಯವೇ ತಪ್ಪಾಗಿರುತ್ತದೆ. ತುಮಕೂರು ವಿಶ್ವವಿದ್ಯಾಲಯ ಆದದ್ದು 2004ರಲ್ಲಿ, ದಾವಣಗೆರೆಯದ್ದು 2009ರಲ್ಲಿ, ಬೆಳಗಾವಿಯ ರಾಣಿ ಚನ್ನಮ್ಮ 2010ರಲ್ಲಿ. ಅದಕ್ಕೂ ಮೊದಲು ಅದೇ ಊರಿನ ಕಾಲೇಜಿನಲ್ಲಿ ಪದವಿ ಮುಗಿಸಿದವರ ಲೆಡ್ಜರು ಕ್ರಮವಾಗಿ ಬೆಂಗಳೂರು, ಕುವೆಂಪು, ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಇರುತ್ತದೆ. ಕಾಲೇಜು ಈಗ ಯಾರ ಕೆಳಗಿದೆ ಎಂದು ನೋಡಬೇಡಿ, ನಿಮ್ಮ ಕಾರ್ಡಿನ ತಲೆಯ ಮೇಲೆ ಯಾರ ಹೆಸರಿದೆ ನೋಡಿ.

ಕಾರ್ಡು ಕಳೆದವರು ಮೊದಲು ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಆನ್‌ಲೈನಿನಲ್ಲೂ ದಾಖಲಿಸಬಹುದು. ಅದರ ಜೊತೆ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತಾರೆ. ದೂರಿನಲ್ಲಿ "ಮಾರ್ಕ್ಸ್ ಕಾರ್ಡುಗಳು ಕಳೆದಿವೆ" ಎಂದಷ್ಟೇ ಬರೆಸಿದರೆ ಅರ್ಜಿ ವಾಪಸ್ ಬರುವುದೇ ಹೆಚ್ಚು. ಯಾವ ಸೆಮಿಸ್ಟರ್, ಯಾವ ರಿಜಿಸ್ಟರ್ ನಂಬರ್ ಎಂದು ಬಿಡಿಸಿ ಬರೆಸಿ. ಡೂಪ್ಲಿಕೇಟಿನಲ್ಲಿ ಕ್ರಮಸಂಖ್ಯೆ, ದಿನಾಂಕ ಹೊಸದಾಗಿರುತ್ತವೆ, ಸಹಿ ಈಗಿನ ಕುಲಸಚಿವರದ್ದು. ಅಂಕ ಮಾತ್ರ ಲೆಡ್ಜರಿನದ್ದು. ಮುಂದೆ ಯಾವತ್ತಾದರೂ ಬೀರುವಿನ ಮೂಲೆಯಲ್ಲಿ ಅಸಲಿ ಕಾರ್ಡು ಸಿಕ್ಕಿದರೆ ತಂದು ಒಪ್ಪಿಸಿ. ಡೂಪ್ಲಿಕೇಟ್ ಕೊಟ್ಟಾಗಲೇ ಅದು ರದ್ದಾಗಿದೆ ಎಂದು ನಮ್ಮಲ್ಲಿ ದಾಖಲಾಗಿರುತ್ತದೆ, ಅದನ್ನು ಕೆಲಸಕ್ಕೆ ಸೇರುವಾಗ ಕೊಟ್ಟರೆ ದೃಢೀಕರಣದಲ್ಲಿ ಸಿಕ್ಕಿಬೀಳುವವರು ನೀವೇ.